ಬ್ರಾಂಚ್ ಮಾಡೋದಾ, ರೇಟ್ ಏರಿಸೋದಾ? ಹಾಸನದ ಒಂದು ಪಾರ್ಲರ್ ಪ್ರಕರಣ

ಸುಮಾ ಹಾಸನದ ಸಾಲಗಾಮೆ ರಸ್ತೆ ಕಡೆ ಲೇಡೀಸ್ ಪಾರ್ಲರ್ ನಡೆಸುತ್ತಾರೆ. ಹೆಸರು ಬದಲಿಸಿದ್ದೇನೆ, ಗುರುತು ಸಿಗುವಂಥ ವಿವರಗಳನ್ನೂ ಬದಲಿಸಿದ್ದೇನೆ. ಅವರು ಗಂಡನ ಜೊತೆ ನನ್ನ ಹತ್ತಿರ ಬಂದಾಗ ಪ್ರಶ್ನೆ ಆಗಲೇ ಅರ್ಧ ತೀರ್ಮಾನ ಆದಂತಿತ್ತು. ಬಿ.ಎಂ. ರಸ್ತೆಯಲ್ಲಿ ಒಂದು ಮಳಿಗೆ ನೋಡಿದ್ದರು. ತಿಂಗಳಿಗೆ 20 ಸಾವಿರ ಬಾಡಿಗೆ, 2 ಲಕ್ಷ ಅಡ್ವಾನ್ಸ್. ಸಂಕ್ರಾಂತಿಯೊಳಗೆ ಹೇಳಬೇಕು ಅಂತ ಮಾಲೀಕರು ಗಡುವು ಕೊಟ್ಟಿದ್ದರು.

ಗಂಡನ ಮಾತು ನೇರವಾಗಿತ್ತು. "ಶನಿವಾರ, ಭಾನುವಾರ ಫೋನ್ ಮಾಡಿದವರಿಗೆಲ್ಲ ಆಗಲ್ಲ ಅಂತಾಳೆ ಮೇಡಂ. ಬಂದ ಲಕ್ಷ್ಮಿನ ವಾಪಸ್ ಕಳಿಸ್ತಾ ಇದೀವಿ. ಇನ್ನೊಂದು ಬ್ರಾಂಚ್ ಮಾಡದೆ ಬೇರೆ ದಾರಿ ಇದೆಯಾ?"

ರೇಟ್ ಏರಿಸಿ ಎಷ್ಟು ದಿನ ಆಯಿತು ಅಂತ ಸುಮಾ ಅವರನ್ನು ಕೇಳಿದೆ. ಮೂರು ವರ್ಷ ದಾಟಿತ್ತು. ಆ ಮೂರು ವರ್ಷದಲ್ಲಿ ಬಾಡಿಗೆ, ಸಂಬಳ, ಫೇಶಿಯಲ್ ಕಿಟ್ ಎಲ್ಲ ಏರಿದ್ದವು. ಯಾಕೆ ಏರಿಸಲಿಲ್ಲ ಅಂದದ್ದಕ್ಕೆ, "ಎಲ್ಲ ಪರಿಚಯದವರೇ ಮೇಡಂ. ನಮ್ಮ ಅತ್ತಿಗೆ ಫ್ರೆಂಡ್ಸು, ಮಗನ ಸ್ಕೂಲ್ ಟೀಚರ್ರು. ಅವರ ಹತ್ರ ಜಾಸ್ತಿ ಹೆಂಗೆ ಕೇಳೋದು?" ಅಂದರು.

ನನಗೆ ಮುಖ್ಯ ಅನಿಸಿದ್ದು ಈ ಉತ್ತರ. ಸಾಲ ಮಾಡಿ ಹೊಸ ಅಂಗಡಿ ತೆರೆಯುವ ಧೈರ್ಯ ಅವರಿಗಿತ್ತು. ಪರಿಚಯದವರ ಮುಂದೆ ಹೊಸ ರೇಟ್ ಹೇಳುವ ಧೈರ್ಯ ಇರಲಿಲ್ಲ. ಬ್ರಾಂಚ್ ಅನ್ನೋದು ಸ್ವಲ್ಪ ಮಟ್ಟಿಗೆ ಆ ಮುಜುಗರದಿಂದ ತಪ್ಪಿಸಿಕೊಳ್ಳುವ ದಾರಿಯಾಗಿತ್ತು. ಅದನ್ನು ಆಗಲೇ ಹೇಳಲಿಲ್ಲ. ಎರಡು ವಾರ ಒಂದು ನೋಟ್‌ಬುಕ್ ಇಟ್ಟು ಬರೆಯಲು ಹೇಳಿದೆ. ಯಾವ ಕುರ್ಚಿಯಲ್ಲಿ ಯಾವ ಕೆಲಸ, ಎಷ್ಟು ಹೊತ್ತು, ಎಷ್ಟು ದುಡ್ಡು. ಆಗಲ್ಲ ಅಂತ ಕಳಿಸಿದವರು ಯಾವ ದಿನ, ಎಷ್ಟು ಗಂಟೆಗೆ ಕೇಳಿದ್ದರು.

ನೋಟ್‌ಬುಕ್ ಬಂದಾಗ ಎರಡು ಸಂಗತಿ ಎದ್ದು ಕಂಡವು. ಪಾರ್ಲರ್ ತುಂಬುತ್ತಿದ್ದದ್ದು ಶನಿವಾರ, ಭಾನುವಾರ ಮತ್ತು ಉಳಿದ ದಿನ ಸಂಜೆ ನಾಲ್ಕರ ನಂತರ. ಮಂಗಳವಾರ, ಶುಕ್ರವಾರ ಕೂದಲು ಕತ್ತರಿಸಬಾರದು ಅನ್ನೋ ಮನೆಗಳು ನಮ್ಮಲ್ಲಿ ಇನ್ನೂ ಬೇಕಾದಷ್ಟಿವೆ. ಆ ದಿನ ಬೆಳಗ್ಗೆ ನಾಲ್ಕು ಕುರ್ಚಿಯಲ್ಲಿ ಮೂರು ಖಾಲಿ. ಹಾಗಾದರೆ ಎರಡನೇ ಅಂಗಡಿಯೂ ಶನಿವಾರ ತುಂಬುತ್ತದೆ, ಮಂಗಳವಾರ ಖಾಲಿ ಇರುತ್ತದೆ. ಬಾಡಿಗೆ ಮಾತ್ರ ಮೂವತ್ತೂ ದಿನಕ್ಕೆ ಕಟ್ಟಬೇಕು.

ಎರಡನೆಯದು ತಲೆಗೆ ಹಾಕುವ ಮೆಹಂದಿ. 350 ರೂಪಾಯಿ. ಹಚ್ಚುವ ಕೆಲಸ ಇಪ್ಪತ್ತು ನಿಮಿಷದ್ದು, ಆದರೆ ಒಣಗಿ ತೊಳೆಯುವವರೆಗೆ ಒಂದೂವರೆ ಗಂಟೆ ಕುರ್ಚಿ ಹಿಡಿದಿರುತ್ತದೆ. ಸಾಮಾನಿನ ಖರ್ಚು 80 ಕಳೆದರೆ ನಿಮಿಷಕ್ಕೆ 3 ರೂಪಾಯಿ. ಅದೇ ಕುರ್ಚಿಯಲ್ಲಿ 250 ರೂಪಾಯಿಯ ಹೇರ್‌ಕಟ್ 40 ನಿಮಿಷದಲ್ಲಿ ಮುಗಿಯುತ್ತದೆ, ನಿಮಿಷಕ್ಕೆ 6 ರೂಪಾಯಿ ದಾಟುತ್ತದೆ. ಭಾನುವಾರ ಬೆಳಗ್ಗೆ ಮೆಹಂದಿ ಹಚ್ಚಿಕೊಂಡು ಇಬ್ಬರು ಕೂತಿರುತ್ತಿದ್ದರು, ಹೇರ್‌ಕಟ್‌ಗೆ ಫೋನ್ ಮಾಡಿದ ನಾಲ್ವರಿಗೆ ಜಾಗ ಇಲ್ಲ ಅನ್ನುತ್ತಿದ್ದರು. ಪಾರ್ಲರ್ ತುಂಬಿದೆ ಅಂದರೆ ಕೆಲಸ ಚೆನ್ನಾಗಿದೆ ಅಂತ ಅರ್ಥ, ನಿಜ. ಆ ರಸ್ತೆಯಲ್ಲೇ ಎಲ್ಲರಿಗಿಂತ ಅಗ್ಗ ಅಂತಲೂ ಇರಬಹುದು. ಇಲ್ಲಿ ಎರಡೂ ಇತ್ತು.

ಆಮೇಲೆ ಲೆಕ್ಕಕ್ಕೆ ಕೂತೆವು. ತಿಂಗಳ ವ್ಯಾಪಾರ ಸುಮಾರು ಒಂದೂವರೆ ಲಕ್ಷ. ಬಾಡಿಗೆ 18 ಸಾವಿರ, ಮೂವರು ಹುಡುಗಿಯರ ಸಂಬಳ 42 ಸಾವಿರ, ಸಾಮಾನು 30 ಸಾವಿರ, ಕರೆಂಟು, ನೀರು, ಟವೆಲ್ ಒಗೆತ, ರಿಪೇರಿ ಎಲ್ಲ ಸೇರಿ 10 ಸಾವಿರ. ಉಳಿಯುವುದು 50 ಸಾವಿರ. ಬೆಳಗ್ಗೆ ಹತ್ತರಿಂದ ರಾತ್ರಿ ಎಂಟರವರೆಗೆ ನಿಂತು ದುಡಿಯುವ ಸುಮಾ ಅವರ ಸಂಬಳವೂ ಅದರೊಳಗೇ ಇದೆ. ಅದನ್ನು ಬಿಡಿಸಿ ನೋಡಿದರೆ ಅಂಗಡಿಯ ಲಾಭ ಅಂತ ಹೇಳುವಂಥದ್ದು ತೆಳ್ಳಗೇ ಇತ್ತು. ಆ ರೇಟಿನಲ್ಲೇ ಎರಡನೇ ಅಂಗಡಿ ಮಾಡಿದರೆ ತೆಳುವಾದದ್ದೇ ಎರಡು ಕಡೆ ಆಗುತ್ತದೆ.

ಬ್ರಾಂಚ್‌ಗೆ ಅಡ್ವಾನ್ಸ್, ಒಳಗಿನ ಕೆಲಸ, ಕುರ್ಚಿ, ತಲೆ ತೊಳೆಯುವ ಬೇಸಿನ್, ಇನ್ವರ್ಟರ್, ಮೊದಲ ಸ್ಟಾಕ್ ಎಲ್ಲ ಸೇರಿ 9 ಲಕ್ಷದ ಅಂದಾಜು ಮಾಡಿಕೊಂಡಿದ್ದರು. ಅದರಲ್ಲಿ 8 ಲಕ್ಷ ಸಾಲ. ವರ್ಷಕ್ಕೆ ಶೇಕಡ 12 ಬಡ್ಡಿ, ಐದು ವರ್ಷ ಅಂದರೆ ತಿಂಗಳ ಕಂತು ಸುಮಾರು 17,800. ಬಾಡಿಗೆ 20 ಸಾವಿರ. ಅಲ್ಲಿ ಸುಮಾ ಇರುವುದಿಲ್ಲವಾದ್ದರಿಂದ ಸೀನಿಯರ್ ಒಬ್ಬರು ಬೇಕು, ಜೊತೆಗೆ ಇಬ್ಬರು. ಸಂಬಳ 45 ಸಾವಿರ. ಇತರೆ 10 ಸಾವಿರ. ಒಟ್ಟು 92,800. ಪ್ರತಿ ನೂರು ರೂಪಾಯಿಯಲ್ಲಿ 20 ಸಾಮಾನಿಗೇ ಹೋಗುವುದರಿಂದ, ಆ ಅಂಗಡಿ ತಿಂಗಳಿಗೆ 1 ಲಕ್ಷ 16 ಸಾವಿರ ದುಡಿದರೆ ಮಾತ್ರ ನಷ್ಟವೂ ಇಲ್ಲ, ಲಾಭವೂ ಇಲ್ಲ. ಮೊದಲನೇ ಅಂಗಡಿ ಆ ಮಟ್ಟಕ್ಕೆ ಬರಲು ಎಷ್ಟು ಕಾಲ ಬೇಕಾಯಿತು ಅಂತ ಕೇಳಿದೆ. ಎರಡು ವರ್ಷದ ಮೇಲೆ, ಅಂದರು ಸುಮಾ. ಗಂಡ ಸುಮ್ಮನಾದರು. ಹೊಸ ಅಂಗಡಿ ಜನ ಹಿಡಿಯುವವರೆಗೆ ಕೈಯಿಂದ ಹಾಕಬೇಕಾದ ದುಡ್ಡು ಅವರ 9 ಲಕ್ಷದಲ್ಲಿ ಸೇರಿರಲೇ ಇಲ್ಲ.

ಲೆಕ್ಕದಲ್ಲಿ ಕಾಣದ ಇನ್ನೊಂದು ತೊಂದರೆ ಇತ್ತು. ಬ್ರಾಂಚ್ ನೋಡಿಕೊಳ್ಳಲು ಯೋಗ್ಯ ಇದ್ದದ್ದು ಸುಮಾ ಅವರ ಬಲಗೈಯಂತಿದ್ದ ಹುಡುಗಿ ಒಬ್ಬಳೇ. ಅವಳನ್ನು ಅಲ್ಲಿಗೆ ಕಳಿಸಿದರೆ ಇಲ್ಲಿ ಕೈ ಮುರಿಯುತ್ತದೆ. ಅಲ್ಲಿ ವರ್ಷ ಕಳೆದು ಅವಳೇ ಸ್ವಂತ ಪಾರ್ಲರ್ ಇಟ್ಟರೆ ಗಿರಾಕಿಗಳೂ ಅವಳ ಹಿಂದೆ ಹೋಗುತ್ತಾರೆ. ಪಾರ್ಲರ್‌ನಲ್ಲಿ ಜನ ಬೋರ್ಡ್ ನೋಡಿ ಬರುವುದಿಲ್ಲ, ಕೈ ನೋಡಿ ಬರುತ್ತಾರೆ. ಮೇಲಾಗಿ ಎರಡೂ ಅಂಗಡಿ ಒಂದೇ ಊರಿನಲ್ಲಿ. ಹಾಸನ ಎಷ್ಟು ದೊಡ್ಡದು? ಹೊಸ ಅಂಗಡಿಗೆ ಬರುವವರಲ್ಲಿ ಒಂದಿಷ್ಟು ಜನ ಹಳೇ ಅಂಗಡಿಯವರೇ ಆಗಿರುತ್ತಾರೆ.

ಇನ್ನು ರೇಟ್. ಸರಾಸರಿ ಶೇಕಡ 15 ಏರಿಸಿ, ಯಾರೂ ಬಿಟ್ಟು ಹೋಗದಿದ್ದರೆ ತಿಂಗಳಿಗೆ 22,500 ಹೆಚ್ಚು ಬರುತ್ತದೆ. ಬಾಡಿಗೆ, ಸಾಮಾನು ಏರುವುದಿಲ್ಲ. ಬಿಟ್ಟು ಹೋಗೇ ಹೋಗುತ್ತಾರೆ ಅಲ್ವಾ, ಎಷ್ಟು ಜನ ಹೋದರೆ ಈಗಿನ ಸ್ಥಿತಿಗೇ ವಾಪಸ್ ಬರುತ್ತೀರಿ ಅಂತ ನೋಡೋಣ ಅಂದೆ. ಮೊದಲು 100 ರೂಪಾಯಿ ಬಿಲ್ಲಿನಲ್ಲಿ ಸಾಮಾನು ಕಳೆದು 80 ಉಳಿಯುತ್ತಿತ್ತು. ಈಗ 115ರಲ್ಲಿ 95 ಉಳಿಯುತ್ತದೆ. 15ನ್ನು 95ರಿಂದ ಭಾಗಿಸಿದರೆ ನೂರಕ್ಕೆ ಸುಮಾರು 16. ಅಂದರೆ ನೂರರಲ್ಲಿ ಹದಿನೈದು ಜನ ಹೋದರೂ ಕೈಗೆ ಮೊದಲಿನಷ್ಟೇ ದುಡ್ಡು, ಕೆಲಸ ಕಡಿಮೆ.

ಇಲ್ಲಿ ಜಿಎಸ್‌ಟಿ ಲೆಕ್ಕ ಸೇರಿಸಲೇಬೇಕು. ಸೇವೆ ಕೊಡುವವರ ವ್ಯಾಪಾರ ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ವರ್ಷದಲ್ಲಿ 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. ಸುಮಾ ಅವರದು 18 ಲಕ್ಷದಲ್ಲಿತ್ತು. ಶೇಕಡ 15 ಏರಿದರೆ 20 ಲಕ್ಷ 70 ಸಾವಿರ. ಬ್ರಾಂಚ್ ಮಾಡಿದರಂತೂ ಸುಲಭವಾಗಿ ದಾಟುತ್ತದೆ, ಯಾಕೆಂದರೆ ಒಂದೇ ಪ್ಯಾನ್‌ನಲ್ಲಿರುವ ಅಂಗಡಿಗಳನ್ನೆಲ್ಲ ಕೂಡಿಸಿಯೇ ನೋಡುತ್ತಾರೆ. 2025ರ ಸೆಪ್ಟೆಂಬರ್ 22ರಿಂದ ಸಲೂನ್ ಸೇವೆಗೆ ತೆರಿಗೆ ಶೇಕಡ 18ರಿಂದ 5ಕ್ಕೆ ಇಳಿದಿದೆ, ಆದರೆ ಸಾಮಾನು ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ಅದರಿಂದ ಕಳೆದು ಬಾಕಿ ಮಾತ್ರ ಕಟ್ಟುವ ಹಾಗಿಲ್ಲ. ನೋಂದಣಿ ಆದ ಮೇಲೆ ಅದೇ ಬಿಲ್ಲಿನೊಳಗೆ ತೆರಿಗೆ ಕಟ್ಟುತ್ತೇವೆ ಅಂದರೆ ತಿಂಗಳಿಗೆ ಸುಮಾರು 8 ಸಾವಿರ ಹೋಗುತ್ತದೆ. ಆಗ ಬಿಟ್ಟು ಹೋಗಬಹುದಾದವರ ಮಿತಿಯೂ ನೂರಕ್ಕೆ ಹತ್ತಕ್ಕೆ ಇಳಿಯುತ್ತದೆ.

"ಸ್ವಲ್ಪ ಕ್ಯಾಶ್ ತಗೊಂಡ್ರೆ ಆಗಲ್ವಾ?" ಅಂದರು ಗಂಡ. ಬೇಡ ಅಂದೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಕರ್ನಾಟಕದ ಸಣ್ಣ ಅಂಗಡಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯಿಂದ ನೋಟಿಸ್ ಬಂದದ್ದು ಅವರಿಗೂ ನೆನಪಿತ್ತು.

ನನ್ನ ಸಲಹೆ ಇದು. ಬಿ.ಎಂ. ರಸ್ತೆಯ ಮಳಿಗೆ ಈಗ ಬಿಡಿ. ರೇಟ್ ಏರಿಸಿ, ಆದರೆ ಎಲ್ಲದಕ್ಕೂ ಒಂದೇ ಸಮ ಏರಿಸಬೇಡಿ. ಐಬ್ರೋ 40 ರೂಪಾಯಿಯಲ್ಲೇ ಇರಲಿ. ಊರಿನ ಹೆಂಗಸರಿಗೆಲ್ಲ ಬಾಯಿಪಾಠ ಇರುವ ರೇಟ್ ಅದೊಂದೇ, ಹೋಲಿಸಿ ಮಾತಾಡುವುದೂ ಅದನ್ನೇ. ಸುಮಾ ತಮ್ಮ ಕೈಯಿಂದಲೇ ಮಾಡುವ ಹೇರ್‌ಕಟ್, ಕಲರ್, ಸ್ಮೂದನಿಂಗ್‌ಗೆ ಶೇಕಡ 25ರವರೆಗೆ ಹೋಗಬಹುದು. ಮೆಹಂದಿಗೆ 500 ಮಾಡಿ, ಶನಿವಾರ ಭಾನುವಾರ ತೆಗೆದುಕೊಳ್ಳಬೇಡಿ. ಮಂಗಳವಾರ, ಶುಕ್ರವಾರ ಬೆಳಗ್ಗೆ ಬನ್ನಿ ಅನ್ನಿ, ಮೆಹಂದಿಗೆ ಆ ದಿನಗಳ ಅಡ್ಡಿ ಇಲ್ಲವಲ್ಲ. ಆ ಬಲಗೈ ಹುಡುಗಿಗೆ ಮೊದಲ ತಿಂಗಳೇ 3 ಸಾವಿರ ಏರಿಸಿ.

ಪರಿಚಯದವರಿಗೆ ಏನು ಹೇಳುವುದು ಅನ್ನುವುದಕ್ಕೇ ಒಂದು ಇಡೀ ಭೇಟಿ ಹಿಡಿಯಿತು. ನಾನು ಗಿರಾಕಿ, ಅವರು ಸುಮಾ, ಹಾಗೆ ಆಡಿ ನೋಡಿದೆವು. ಮೊದಮೊದಲು ಅವರು ಬಾಡಿಗೆ, ಗ್ಯಾಸ್, ಮಗನ ಫೀಸ್ ಎಲ್ಲ ಹೇಳಿಕೊಂಡು ಕ್ಷಮೆ ಕೇಳುವವರಂತೆ ಮಾತಾಡುತ್ತಿದ್ದರು. ಕಾರಣ ಜಾಸ್ತಿ ಹೇಳಿದಷ್ಟೂ ಎದುರಿನವರಿಗೆ ಚೌಕಾಸಿಗೆ ಜಾಗ ಸಿಗುತ್ತದೆ. ಕೊನೆಗೆ ನಿಂತ ಮಾತು ಇಷ್ಟೇ: "ಅಕ್ಕ, ಸಂಕ್ರಾಂತಿ ಆದ ಮೇಲೆ ಹೊಸ ರೇಟ್. ಈ ತಿಂಗಳು ಹಳೇದೇ." ಅತ್ತಿಗೆಗೆ ಬೇಕಾದರೆ ಪೂರ್ತಿ ಫ್ರೀ ಮಾಡಿ, ಅತ್ತಿಗೆಯ ಫ್ರೆಂಡ್ಸಿಗೆ ಕಾರ್ಡ್‌ನಲ್ಲಿ ಇರುವ ರೇಟ್ ಅಂತಲೂ ತೀರ್ಮಾನ ಆಯಿತು. ಗಂಡ ನಕ್ಕರು, ಸುಮಾ ನಗಲಿಲ್ಲ.

ಫಲಿತಾಂಶ ನೋಡಲು ಎರಡು ತಿಂಗಳಾದರೂ ಕಾಯಿರಿ ಅಂದಿದ್ದೆ. ಐಬ್ರೋಗೆ ಬರುವವರು ಮೂರು ನಾಲ್ಕು ವಾರಕ್ಕೆ ಬರುತ್ತಾರೆ, ಕಲರ್‌ನವರು ಆರು ವಾರಕ್ಕೆ. ಮೊದಲ ವಾರ ಕುರ್ಚಿ ಖಾಲಿ ಕಂಡ ಮಾತ್ರಕ್ಕೆ ಗಿರಾಕಿ ಹೋದರು ಅಂತ ಅಲ್ಲ. ಧನುರ್ಮಾಸ ಮುಗಿದು ಮದುವೆಗಳು ಶುರುವಾಗುವುದರಿಂದ ಹಿಂದಿನ ತಿಂಗಳ ಜೊತೆ ಹೋಲಿಸುವುದೂ ತಪ್ಪಾಗುತ್ತದೆ. ಹಿಂದಿನ ವರ್ಷದ ಅದೇ ತಿಂಗಳ ಯುಪಿಐ ಸ್ಟೇಟ್‌ಮೆಂಟ್ ತೆಗೆದು ಪಕ್ಕದಲ್ಲಿ ಇಡಬೇಕು.

ಮಾರ್ಚ್ ಕೊನೆಗೆ ಬಂದಾಗ ಪಟ್ಟಿ ತಂದಿದ್ದರು. ಕಾಯಂ ಗಿರಾಕಿಗಳು 140 ಜನರಲ್ಲಿ 11 ಮಂದಿ ವಾಪಸ್ ಬಂದಿರಲಿಲ್ಲ. ಅದರಲ್ಲಿ ಒಬ್ಬರು ಟೀಚರ್, ಮಾತೂ ಬಿಟ್ಟಿದ್ದರಂತೆ. ಅದು ಸುಮಾ ಅವರಿಗೆ ನೋವಾಗಿತ್ತು, ಅದರ ಬಗ್ಗೆಯೇ ಸ್ವಲ್ಪ ಹೊತ್ತು ಮಾತಾಡಿದೆವು. ಖಾಲಿಯಾದ ಜಾಗದಲ್ಲಿ ಅರ್ಧದಷ್ಟು ಹೊಸಬರು ಬಂದಿದ್ದರು. ವ್ಯಾಪಾರ 1 ಲಕ್ಷ 66 ಸಾವಿರ, ಹುಡುಗಿಯ ಸಂಬಳ ಏರಿಸಿದ ಮೇಲೂ ಕೈಗೆ ಸುಮಾರು 64 ಸಾವಿರ. ಮದುವೆ ಇಲ್ಲದ ತಿಂಗಳಲ್ಲಿ ಇದು ಇಳಿಯುತ್ತದೆ, ತೆರಿಗೆ ಶುರುವಾದರೆ ಇನ್ನೂ ಇಳಿಯುತ್ತದೆ. ಆಡಿಟರ್ ಹತ್ತಿರ ಹೋಗಿ ತಿಂಗಳ ಲೆಕ್ಕ ಇಡಲು ಶುರು ಮಾಡಿದ್ದಾರೆ.

ಬ್ರಾಂಚ್ ಆಸೆ ಹೋಗಿಲ್ಲ, ಹೋಗಬೇಕು ಅಂತ ನಾನೂ ಹೇಳಿಲ್ಲ. ಒಂದು ಪರೀಕ್ಷೆ ಮಾಡಿ ಅಂದಿದ್ದೇನೆ. ಸುಮಾ ಹತ್ತು ದಿನ ಪಾರ್ಲರ್‌ಗೆ ಕಾಲಿಡಬಾರದು, ಫೋನಿನಲ್ಲೂ ಬುಕಿಂಗ್ ನೋಡಬಾರದು. ವ್ಯಾಪಾರ ಶೇಕಡ 10ಕ್ಕಿಂತ ಜಾಸ್ತಿ ಬೀಳದಿದ್ದರೆ ಬೇರೆ ಜಾಗ ನೋಡಬಹುದು. ಅರ್ಧಕ್ಕೆ ಬಿದ್ದರೆ ಅಲ್ಲಿ ಇರುವುದು ಅಂಗಡಿಯಲ್ಲ, ಸುಮಾ ಒಬ್ಬರೇ ಅಂತ ತಿಳಿಯುತ್ತದೆ. ಅವರು ಆಷಾಢದಲ್ಲಿ ಮಾಡುತ್ತೇನೆ, ಆಗ ಕೆಲಸ ಕಡಿಮೆ ಅಂದರು. ಆಷಾಢದಲ್ಲಿ ಬೇಡ, ಏನೂ ಗೊತ್ತಾಗುವುದಿಲ್ಲ ಅಂದೆ. ವೈಶಾಖದ ಮದುವೆ ಸೀಸನ್ನಿನ ಮಧ್ಯದಲ್ಲೇ ಮಾಡಬೇಕು. ಅವರು ಇನ್ನೂ ಒಪ್ಪಿಲ್ಲ.