ಬಿಲ್ಲಿನ ತೂಕ ಬೇರೆ, ತಟ್ಟೆಯ ತೂಕ ಬೇರೆ

ಪ್ರಶ್ನೆ: ಚಿಕ್ಕ ರೆಸ್ಟೋರೆಂಟ್ ನಡೆಸುತ್ತಿದ್ದೇನೆ. ಕಳೆದ ಎರಡು ತಿಂಗಳೂ ತೆರಿಗೆ ಬಿಟ್ಟು ಮಾರಾಟ ತಲಾ 6,00,000. ಖರೀದಿ ಬಿಲ್‌ಗಳ ಮೊತ್ತ ಮೊದಲ ತಿಂಗಳು 2,46,000, ಎರಡನೆಯ ತಿಂಗಳು 1,86,000. ಅಂದರೆ ಫುಡ್ ಕಾಸ್ಟ್ ಒಮ್ಮೆ ಶೇ 41, ಒಮ್ಮೆ ಶೇ 31. ಮೆನು, ದರ ಏನೂ ಬದಲಾಗಿಲ್ಲ. ಯಾವುದನ್ನು ನಂಬಲಿ? ಒಂದೊಂದು ಐಟಂನಲ್ಲಿ ಎಷ್ಟು ಉಳಿಯುತ್ತಿದೆ ಎಂದು ತಿಳಿಯುವುದು ಹೇಗೆ?

ಎರಡನ್ನೂ ನಂಬಬೇಡಿ. ನೀವು ಲೆಕ್ಕ ಹಾಕಿರುವುದು ಎಷ್ಟು ಕೊಂಡಿರಿ ಎಂಬುದನ್ನು. ಬೇಕಿರುವುದು ಎಷ್ಟು ಖರ್ಚಾಯಿತು ಎಂಬುದು. ತಿಂಗಳ ಕೊನೆಯಲ್ಲಿ ಅಕ್ಕಿ, ಎಣ್ಣೆ ಒಟ್ಟಿಗೆ ತರಿಸಿದ್ದರೆ ಆ ಬಿಲ್ಲು ಈ ತಿಂಗಳ ತಲೆಗೆ ಬರುತ್ತದೆ, ಸಾಮಾನು ಮಾತ್ರ ಮುಂದಿನ ತಿಂಗಳು ಕರಗುತ್ತದೆ.

ನಾನು ಆರು ವರ್ಷ ಒಂದು ಸಣ್ಣ ಅಡುಗೆಮನೆಯ ಲೆಕ್ಕ ನೋಡಿಕೊಂಡವನು. ಮೊದಲ ವರ್ಷ ನಾನೂ ನಿಮ್ಮ ಹಾಗೆಯೇ ಬಿಲ್ಲು ಕೂಡಿಸಿ, ಮಾರಾಟದಿಂದ ಭಾಗಿಸಿ, ತಿಂಗಳಿಗೊಮ್ಮೆ ಬೆಚ್ಚಿಬೀಳುತ್ತಿದ್ದೆ.

ಬಿಲ್‌ಗಳ ರಾಶಿಯಿಂದ ಆಹಾರವಲ್ಲದ್ದನ್ನು ಮೊದಲು ಬೇರೆ ಮಾಡಿ: ಗ್ಯಾಸ್, ಸೋಪು, ಟಿಶ್ಯೂ, ಪಾರ್ಸೆಲ್ ಡಬ್ಬಿ. ನಿಮ್ಮ ಮೊದಲ ತಿಂಗಳಲ್ಲಿ ಇವು 18,000 ಇದ್ದವು ಎಂದುಕೊಳ್ಳೋಣ. ಆಹಾರದ ಖರೀದಿ 2,28,000 ಆಯಿತು. ತಿಂಗಳ ಆರಂಭದಲ್ಲಿ ಉಗ್ರಾಣದಲ್ಲಿದ್ದ ದಾಸ್ತಾನು 22,000, ಕೊನೆಯಲ್ಲಿ ಉಳಿದದ್ದು 46,000 ಎಂದಾದರೆ ನಿಜವಾಗಿ ಬಳಕೆಯಾದದ್ದು 2,04,000. ಅದರಲ್ಲಿ ಕೆಲಸಗಾರರ ಊಟಕ್ಕೆ ಹೋದ 6,000 ಕಳೆಯಿರಿ, ಅದು ಸಂಬಳದ ಬಾಬತ್ತು. ಉಳಿದ 1,98,000 ಎಂದರೆ ಮಾರಾಟದ ಶೇ 33. ಎರಡನೆಯ ತಿಂಗಳಲ್ಲಿ ಆಹಾರವಲ್ಲದ್ದು 12,000, ಆರಂಭದ ದಾಸ್ತಾನು ಹಿಂದಿನ ತಿಂಗಳು ಉಳಿದ ಅದೇ 46,000, ಕೊನೆಯ ದಾಸ್ತಾನು 18,000, ಊಟಕ್ಕೆ ಮತ್ತೆ 6,000 ಎಂದಿಟ್ಟುಕೊಂಡರೆ ಬಳಕೆ 1,96,000 ಆಗುತ್ತದೆ. ಅದೂ ಹೆಚ್ಚುಕಡಿಮೆ ಶೇ 33. ಹತ್ತು ಅಂಶದ ಏರಿಳಿತ ಅಡುಗೆಯಲ್ಲಿ ಇರಲೇ ಇಲ್ಲ, ಉಗ್ರಾಣದಲ್ಲಿತ್ತು.

ದಾಸ್ತಾನು ಎಣಿಸುವುದನ್ನು ಪ್ರತಿ ತಿಂಗಳು ಒಂದೇ ಹೊತ್ತಿನಲ್ಲಿ ಮಾಡಿ. ಕೊನೆಯ ರಾತ್ರಿ ಬಾಗಿಲು ಹಾಕಿದ ಮೇಲೆ ಎಣಿಸುವುದು ಒಳ್ಳೆಯದು. ಅರ್ಧ ಖಾಲಿಯಾದ ಎಣ್ಣೆ ಡಬ್ಬ, ಫ್ರಿಜ್‌ನಲ್ಲಿ ಹೆಚ್ಚಿಟ್ಟ ಈರುಳ್ಳಿ ಎಲ್ಲವೂ ದಾಸ್ತಾನೇ. ಬೆಲೆಗೆ ಆಯಾ ಸಾಮಾನಿನ ಕೊನೆಯ ಬಿಲ್ಲಿನ ದರ ಸಾಕು.

ಇನ್ನು ಒಂದೊಂದು ಐಟಂನ ಮಾತು. ಹೆಚ್ಚಿನವರು ಎಡವುವುದು ಇಲ್ಲಿಯೇ. ಬಿಲ್ಲಿನಲ್ಲಿರುವ ಕಿಲೋ ಮತ್ತು ತಟ್ಟೆಗೆ ಬರುವ ಕಿಲೋ ಒಂದೇ ಎಂದುಕೊಳ್ಳುತ್ತಾರೆ. ಒಂದು ಚಿಕನ್ ರೈಸ್ ತೆಗೆದುಕೊಳ್ಳಿ. ಅಂಕಿಗಳು ನಾನು ಉದಾಹರಣೆಗೆ ಇಟ್ಟವು, ದರ ನಿಮ್ಮದನ್ನು ಹಾಕಿಕೊಳ್ಳಿ. ಕಿಲೋಗೆ 200ರಂತೆ 10 ಕಿಲೋ ಕೋಳಿ ಬಂತು, ಬಿಲ್ಲು 2,000. ಮೂಳೆ, ಚರ್ಮ, ಕೊಬ್ಬು ತೆಗೆದು ತೂಗಿದಾಗ ಸಿಕ್ಕ ಮಾಂಸ 6.6 ಕಿಲೋ. ಹಾಗಾಗಿ ನಿಮ್ಮ ಮಾಂಸದ ನಿಜವಾದ ದರ ಕಿಲೋಗೆ 200 ಅಲ್ಲ, 2,000 ಭಾಗಿಸು 6.6, ಅಂದರೆ ಸುಮಾರು 303. ತಟ್ಟೆಗೆ 150 ಗ್ರಾಂ ಹಸಿ ಮಾಂಸ ಹಾಕಿದರೆ 45.50 ಆಗುತ್ತದೆ, ಬಿಲ್ಲಿನ ದರ ಹಿಡಿದು ಕೂತವರು 30 ಎಂದು ಬರೆದಿರುತ್ತಾರೆ.

ಅಕ್ಕಿ ಇದಕ್ಕೆ ತಿರುಗುಮುರುಗು. ಬೆಂದಾಗ ಅದರ ತೂಕ ಸುಮಾರು ಮೂರು ಪಟ್ಟಾಗುತ್ತದೆ. ತಟ್ಟೆಯಲ್ಲಿ 300 ಗ್ರಾಂ ಅನ್ನವಿದ್ದರೆ ಅದರಲ್ಲಿರುವುದು ಸುಮಾರು 100 ಗ್ರಾಂ ಅಕ್ಕಿ. ಕಿಲೋಗೆ 60 ಎಂದರೆ 6. ಅನ್ನದ ತೂಕಕ್ಕೆ ಅಕ್ಕಿಯ ದರ ಹಚ್ಚಿ 18 ಬರೆದುಕೊಂಡ ಲೆಕ್ಕವನ್ನೂ ನಾನು ನೋಡಿದ್ದೇನೆ. ಪ್ರತಿ ಸಾಮಾನನ್ನೂ ಹಸಿಯಾಗಿ, ಸೋಸಿ ಹೆಚ್ಚಿದ ಮೇಲೆ ತೂಗುವುದು ಎಂದು ಒಂದೇ ನಿಯಮ ಇಟ್ಟುಕೊಂಡರೆ ಈ ಗೊಂದಲ ಬರುವುದಿಲ್ಲ.

ಎಣ್ಣೆ 3, ಈರುಳ್ಳಿ ಟೊಮೆಟೊ 4.50, ಪಕ್ಕದಲ್ಲಿ ಕೊಡುವ ಸಲಾಡ್ ಮತ್ತು ಸಾಸ್ 4. ಗಿರಾಕಿಗೆ ಪುಕ್ಕಟೆಯಾಗಿ ಹೋಗುವ ಸಾಸನ್ನು ಮರೆಯಬೇಡಿ, ಅದು ನಿಮಗೆ ಪುಕ್ಕಟೆಯಲ್ಲ. ಉಪ್ಪು, ಮೆಣಸುಗಳನ್ನು ಒಂದೊಂದಾಗಿ ತೂಗುತ್ತಾ ಕೂರುವುದು ವ್ಯರ್ಥ. ಚಿಲ್ಲರೆ ಬಾಬತ್ತಿಗೆ ಇಡೀ ವೆಚ್ಚದ ಮೇಲೆ ಶೇ 5 ಸೇರಿಸಿ, 3 ಎನ್ನಿ. ಒಟ್ಟು 66. ಕರಿಯುವ ಐಟಂ ಇದ್ದರೆ ಮಾತ್ರ ಎಣ್ಣೆಗೆ ಬೇರೆ ದಾರಿ: ವಾರದಲ್ಲಿ ಬಾಣಲೆಗೆ ಸುರಿದ ಒಟ್ಟು ಎಣ್ಣೆಯನ್ನು ಆ ವಾರ ಕರಿದ ಪ್ಲೇಟ್‌ಗಳಿಗೆ ಹಂಚಿ, ಏಕೆಂದರೆ ತಿಂಡಿ ಹೀರಿದ್ದಕ್ಕಿಂತ ಕಪ್ಪಾಗಿ ಚೆಲ್ಲಿದ್ದೇ ಹಲವೊಮ್ಮೆ ಹೆಚ್ಚು.

ಮೆನುವಿನಲ್ಲಿ ಇದರ ಬೆಲೆ ತೆರಿಗೆ ಸೇರಿ 210, ತೆರಿಗೆ ಕಳೆದರೆ 200 ಎಂದುಕೊಳ್ಳಿ. ತೆರಿಗೆ ನಿಮ್ಮ ಹಣವಲ್ಲ, ಆದ್ದರಿಂದ 66 ಅನ್ನು 200ರಿಂದ ಭಾಗಿಸಬೇಕು: ಶೇ 33. ಉಳಿಯುವುದು 134. ಅದೇ ತಟ್ಟೆಯನ್ನು ಬಿಲ್ಲಿನ ದರದಲ್ಲಿ, ಸಲಾಡ್ ಮತ್ತು ಚಿಲ್ಲರೆ ಬಿಟ್ಟು, 210ರಿಂದ ಭಾಗಿಸಿದ್ದರೆ ಶೇ 21 ಬರುತ್ತಿತ್ತು. ಕಾಗದದ ಮೇಲೆ ಬಹಳ ಚೆನ್ನಾಗಿ ಕಾಣುತ್ತದೆ.

ಈಗ ಪಕ್ಕದಲ್ಲಿ ಒಂದು ಟೊಮೆಟೊ ಸೂಪ್ ಇಡೋಣ. ಬೆಲೆ 80, ವೆಚ್ಚ 16. ಅದು ಶೇ 20, ಚಿಕನ್ ರೈಸ್ ಶೇ 33. ಶೇಕಡಾವಾರು ಮಾತ್ರ ನೋಡುವವರು ಸೂಪನ್ನು ಹೊಗಳುತ್ತಾರೆ. ಆದರೆ ಸೂಪಿನಲ್ಲಿ ಉಳಿಯುವುದು 64, ಚಿಕನ್ ರೈಸ್‌ನಲ್ಲಿ 134. ಒಂದು ಮೇಜಿಗೆ ಬಂದವರು ಎರಡರಲ್ಲಿ ಒಂದನ್ನೇ ತಿನ್ನುವುದಾದರೆ ನನಗೆ ಬೇಕಾದದ್ದು ಎರಡನೆಯದು. ಬಾಡಿಗೆ, ಸಂಬಳ ಕಟ್ಟುವುದು ಶೇಕಡಾದಿಂದಲ್ಲ, ಈ 134ರಿಂದ. ಹಾಗೆಯೇ 134 ಅನ್ನು ಲಾಭ ಎಂದು ಕರೆಯುವಂತೆಯೂ ಇಲ್ಲ. ಪಾರ್ಸೆಲ್ ಆದರೆ ಡಬ್ಬಿಯನ್ನೂ, ಡೆಲಿವರಿ ಆ್ಯಪ್‌ನಲ್ಲಿ ಹೋದರೆ ಕಮಿಷನ್ನನ್ನೂ ಅದರಿಂದಲೇ ಕಳೆಯಬೇಕು.

ಎಲ್ಲ ಐಟಂಗಳ ವೆಚ್ಚ ಬರೆದಾದ ಮೇಲೆ ಪ್ರತಿಯೊಂದನ್ನೂ ಆ ತಿಂಗಳು ಮಾರಿದ ಸಂಖ್ಯೆಯಿಂದ ಗುಣಿಸಿ ಕೂಡಿ. ಇದು ಆಗಬೇಕಿದ್ದ ಖರ್ಚು. ದಾಸ್ತಾನಿನಿಂದ ಬಂದದ್ದು ಆದ ಖರ್ಚು. ಇವೆರಡರ ನಡುವಿನ ಅಂತರವೇ ಈ ಇಡೀ ಕಸರತ್ತಿನ ಫಲ. ನಮ್ಮಲ್ಲಿ ಮೊದಲ ಸಲ ಆಗಬೇಕಿದ್ದದ್ದು ಶೇ 30, ಆದದ್ದು ಶೇ 34 ಎಂದು ಬಂತು. ಕಳವಿನ ಅನುಮಾನ ನನಗೆ ಮೊದಲು ಬಂದದ್ದನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ. ಒಂದು ಸಂಜೆ ಹತ್ತು ತಟ್ಟೆಗಳ ಮಾಂಸವನ್ನು, ಅವು ಗಿರಾಕಿಗೆ ಹೋಗುವ ಮೊದಲು, ತಕ್ಕಡಿಯಲ್ಲಿಟ್ಟೆ. 150 ಗ್ರಾಂ ಹಸಿ ಮಾಂಸಕ್ಕೆ ಸರಿಯಾದ ಬೆಂದ ತೂಕಕ್ಕಿಂತ ಎಲ್ಲವೂ ಹೆಚ್ಚು; ಹಸಿ ಲೆಕ್ಕದಲ್ಲಿ ಸರಾಸರಿ 172 ಗ್ರಾಂ. ಹಗಲಿನ ಸೌಟು ಬೇರೆ, ರಾತ್ರಿಯವರು ಬಳಸುವ ಸೌಟು ಅದಕ್ಕಿಂತ ದೊಡ್ಡದು, ಅಷ್ಟೆ. ಮೇಲಿನ 303ರ ದರದಲ್ಲಿ 22 ಗ್ರಾಂ ಎಂದರೆ ತಟ್ಟೆಗೆ 6.67, ತಿಂಗಳಿಗೆ 900 ತಟ್ಟೆಗೆ 6,000.

ಉಳಿದ ಅಂತರದಲ್ಲಿ ಒಂದು ಪಾಲು ಹೆಪ್ಪುಗಟ್ಟಿದ ಮಾಂಸದ್ದು. 10 ಕಿಲೋ ಎಂದು ಬಿಲ್ಲಿದ್ದ ಚೀಲ ಮಂಜು ಕರಗಿ ನೀರು ಬಸಿದ ಮೇಲೆ 9.4 ಕಿಲೋ ತೂಗುತ್ತಿತ್ತು. ಸರಬರಾಜು ಮಾಡುವವನೊಂದಿಗೆ ಜಗಳವಾಡಿ ಪ್ರಯೋಜನವಾಗಲಿಲ್ಲ. ವೆಚ್ಚದ ಹಾಳೆಯಲ್ಲೇ ಭಾಗಿಸುವ ತೂಕವನ್ನು ತಿದ್ದಿಕೊಂಡೆ. ಆಮೇಲೆ ಅಂತರ ಒಂದೂವರೆ ಅಂಶಕ್ಕೆ ಇಳಿಯಿತು. ಸೀದದ್ದು, ಚೆಲ್ಲಿದ್ದು, ಗಿರಾಕಿ ವಾಪಸು ಕಳಿಸಿದ್ದು ಇವಕ್ಕೆಂದು ಅಷ್ಟನ್ನು ಬಿಟ್ಟುಬಿಟ್ಟೆ.

ನಿಮ್ಮ ಎಲ್ಲ ಐಟಂಗಳನ್ನೂ ಒಂದೇ ವಾರದಲ್ಲಿ ತೂಗಲು ಹೋಗಬೇಡಿ, ಬೇಸತ್ತು ಬಿಡುತ್ತೀರಿ. ಮಾರಾಟದ ಪಟ್ಟಿಯಲ್ಲಿ ಮೇಲಿರುವ ಎಂಟು ಹತ್ತನ್ನು ಮೊದಲು ಹಿಡಿಯಿರಿ, ಮಾಂಸ ಅಥವಾ ಚೀಸ್ ಇರುವುದರಿಂದ ಶುರು ಮಾಡಿ. ಕೋಳಿಯ ದರ ಬದಲಾದ ದಿನ ಹಾಳೆಯಲ್ಲಿ ಆ ಒಂದು ಅಂಕಿಯನ್ನು ಬದಲಿಸಿದರೆ ಸಾಕು, 6.6 ಕಿಲೋ ಎಂಬುದನ್ನು ಮಾತ್ರ ಎರಡು ಮೂರು ತಿಂಗಳಿಗೊಮ್ಮೆ, ಕೋಳಿಯ ಗಾತ್ರವೋ ಕತ್ತರಿಸುವ ಕೈಯೋ ಬದಲಾದಾಗಲೂ, ಮತ್ತೆ ತೂಗಿ ನೋಡಿ.