ಹೇಳಿದ್ದು 43, ಬರೆದದ್ದು 34

ಪುಣೆಯ ಒಂದು ಕನ್ನಡ ಕುಟುಂಬದ ಪ್ರಕರಣ ಇದು. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಹುಡುಗ ನಾಲ್ಕನೇ ತರಗತಿ. ಎರಡನೆಯದರವರೆಗೆ ಊರಿನ ಕನ್ನಡ ಶಾಲೆ, ಈಗ ಮರಾಠಿ ಮಾಧ್ಯಮ. ಟ್ಯೂಷನ್ ಟೀಚರ್ ತಿಂಗಳ ಕೊನೆಗೆ ಡೈರಿಯಲ್ಲಿ ಬರೆದಿದ್ದು ಇಷ್ಟೇ: "ಗಣಿತ ವೀಕ್. ಗಮನ ಇಲ್ಲ. ಇನ್ನೂ ಜಾಸ್ತಿ ಅಭ್ಯಾಸ ಬೇಕು."

ಅಪ್ಪ ಸಂಜೆಯ ಆಟ ನಿಲ್ಲಿಸಿದರು. ಟ್ಯೂಷನ್ ಇದ್ದ ದಿನವೆಲ್ಲ ಹುಡುಗನಿಗೆ ಹೊಟ್ಟೆನೋವು ಶುರುವಾಯಿತು. ಅಮ್ಮ ಡೈರಿ ಹಿಡಿದು ನನ್ನ ಹತ್ತಿರ ಬಂದರು.

ನಾನು ನೋಟ್‌ಬುಕ್ ತರಿಸಿ ನೋಡಿದೆ. ಪುಸ್ತಕ ನೋಡಿ ಮಾಡಿದ ಲೆಕ್ಕ ಬಹುತೇಕ ಸರಿ. ತಪ್ಪೆಲ್ಲ ಬಾಯಲ್ಲಿ ಹೇಳಿ ಬರೆಸಿದ ಕಡೆ. ಟೀಚರ್ 43ಕ್ಕೆ 'ತ್ರೇಚಾಳೀಸ್' ಅಂದರೆ ಇವನು 34 ಬರೆಯುತ್ತಾನೆ. ಮರಾಠಿಯಲ್ಲಿ ಮೂರು ಮೊದಲು ಕೇಳುತ್ತದೆ, ನಲವತ್ತು ಆಮೇಲೆ. ಕನ್ನಡದಲ್ಲಿ ನಲವತ್ತು ಮೊದಲು, ಅಲ್ವಾ? ಕಿವಿಗೆ ಬಿದ್ದ ಕ್ರಮದಲ್ಲೇ ಕೈ ಬರೆಯುತ್ತಿತ್ತು. 'ಏಕೋಣಸಾಠ್' ಅಂದರೆ ಅರವತ್ತಕ್ಕೆ ಒಂದು ಕಡಿಮೆ, 59. ಇವನು ಬರೆದದ್ದು 61. (ಇದು ಮರಾಠಿ ಮಕ್ಕಳಿಗೂ ಕಷ್ಟವೇ. 2019ರಲ್ಲಿ ಎರಡನೇ ತರಗತಿ ಪುಸ್ತಕದಲ್ಲಿ 21ನ್ನು ಇಪ್ಪತ್ತು ಮೊದಲು ಬರುವಂತೆ 'ವೀಸ್ ಏಕ್' ಅಂತಲೂ ಓದಿಸಲು ಹೊರಟಾಗ ಮಹಾರಾಷ್ಟ್ರದಲ್ಲಿ ದೊಡ್ಡ ಗಲಾಟೆಯೇ ಆಗಿತ್ತು.)

ಬೋರ್ಡ್ ನೋಡಿ ಬರೆಯುವಾಗಲೂ ಅಂಕಿ ತಿರುಗುತ್ತಿದ್ದರೆ, ಓದುವಾಗ ಅಕ್ಷರವೂ ಅದಲುಬದಲಾಗುತ್ತಿದ್ದರೆ, ಕಲಿಕಾ ತೊಂದರೆಯ ಪರೀಕ್ಷೆಗೆ ಕಳಿಸುತ್ತಿದ್ದೆ. ಇಲ್ಲಿ ಎರಡೂ ಇರಲಿಲ್ಲ.

ಟೀಚರನ್ನು ಕರೆದು ಮಾತಾಡಿದೆ. ಅವರದು ಕೆಟ್ಟ ಮನಸ್ಸಲ್ಲ. ಹದಿನೈದು ಮಕ್ಕಳ ಡೈರಿ ಒಂದೇ ರಾತ್ರಿ ಬರೆಯುತ್ತಾರೆ. 'ವೀಕ್' ಅಂತ ಬರೆದರೆ ಅಪ್ಪನಿಗೆ ಮಾಡಲು ಉಳಿಯುವುದು ಬೈಯುವುದೊಂದೇ, ನೋಟ್‌ಬುಕ್‌ನಲ್ಲಿ ಕಂಡ ತಪ್ಪನ್ನೇ ಬರೆಯಿರಿ ಅಂದೆ. ಇಬ್ಬರೂ ಕೂತು ಹೊಸದಾಗಿ ಬರೆದೆವು:

"ಕಳೆದ ತಿಂಗಳು ಸಾಲ ತೆಗೆದು ಕಳೆಯುವ 10 ಲೆಕ್ಕದಲ್ಲಿ 4 ಸರಿ ಇದ್ದವು, ಈಗ 8. ಹೇಳಿ ಬರೆಸಿದ 20 ಸಂಖ್ಯೆಗಳಲ್ಲಿ 11 ಮಾತ್ರ ಸರಿ. ಹತ್ತು, ಬಿಡಿ ಅದಲುಬದಲಾಗುತ್ತವೆ. ಮುಂದಿನ ತಿಂಗಳು ಟ್ಯೂಷನ್ ಹೊತ್ತು ಹೆಚ್ಚಿಸುವುದಿಲ್ಲ. ದಿನಾ ಮೊದಲ ಐದು ನಿಮಿಷ ಎಂಟು ಸಂಖ್ಯೆ ಹೇಳುತ್ತೇನೆ. ಅವನು ಅದನ್ನು ಕನ್ನಡದಲ್ಲಿ ಹೇಳಿ, ಆಮೇಲೆ ಬರೆಯುತ್ತಾನೆ. ಬಾಯಿಲೆಕ್ಕದ ಸ್ಪರ್ಧೆ ಸದ್ಯಕ್ಕೆ ಬೇಡ."

ಅಪ್ಪನಿಗೆ ನಾನು ಹೇಳಿದ್ದು ಎರಡೇ ಮಾತು. "ಸರ್, ಆಟ ವಾಪಸ್ ಕೊಡಿ. ಮನೇಲಿ ಮಗ್ಗಿ ಒಪ್ಪಿಸೋದು ಬೇಡ. ತರಕಾರಿ ತರೋಕೆ ಹೋದಾಗ ಅಂಗಡಿಯವರು ಮರಾಠಿಯಲ್ಲಿ ಹೇಳಿದ ರೇಟನ್ನು ಇವನ ಕೈಲಿ ಚೀಟಿಯಲ್ಲಿ ಬರೆಸಿ." ಅವರು ಡೈರಿಯನ್ನೇ ನೋಡುತ್ತಾ, "ಮತ್ತೆ ಗಮನ ಇಲ್ಲ ಅಂತ ಯಾಕ್ ಬರದಿದ್ರು?" ಅಂದರು. ಟೀಚರ್ ತಲೆ ತಗ್ಗಿಸಿದರು.

ಮುಂದಿನ ತಿಂಗಳ ಡೈರಿಯಲ್ಲಿ 20ಕ್ಕೆ 16. ಉಳಿದ ನಾಲ್ಕರಲ್ಲಿ ಮೂರು 'ಏಕೋಣ'ದವು. ಅವಕ್ಕೆ ಬೇರೆ ದಾರಿ ಹುಡುಕುತ್ತೇನೆ ಅಂತ ಟೀಚರ್ ಕೆಳಗೆ ತಾವೇ ಬರೆದಿದ್ದರು.