ಉತ್ತರದ ವೇಗವಲ್ಲ, ಮರಳಿ ಬರುವ ರೀತಿ

ಪ್ರಶ್ನೆ: ಮನೆಯವರು ತೋರಿಸಿದ ಹುಡುಗನ ಜೊತೆ ಮೂರು ವಾರದಿಂದ ವಾಟ್ಸ್ಆ್ಯಪ್‌ನಲ್ಲಿ ಮಾತಾಡ್ತಾ ಇದ್ದೀನಿ. ಒಂದು ರಾತ್ರಿ ತುಂಬಾ ಆಪ್ತವಾಗಿ ಮಾತಾಡ್ತಾರೆ, ಮಾರನೇ ದಿನ ಒಂದೊಂದೇ ಪದದ ಉತ್ತರ. ಅಟ್ಯಾಚ್‌ಮೆಂಟ್ ಸ್ಟೈಲ್ ಅಂತಾರಲ್ಲ, ಇದು ಅದಾ? ಅಥವಾ ನನ್ನ ಮೇಲೆ ಇಷ್ಟ ಇಲ್ವಾ?

ಉತ್ತರ ಎಷ್ಟು ಬೇಗ ಬಂತು ಎಂಬುದರಿಂದ ಇದನ್ನು ತೀರ್ಮಾನಿಸಲಾಗದು. ಆಪ್ತವಾದ ಮಾತಿನ ನಂತರ ಅವರು ಹಿಂದೆ ಸರಿಯುತ್ತಾರೆಯೇ, ಸರಿದ ಮೇಲೆ ಯಾರೂ ಕರೆಯದೆ ತಾವಾಗಿ ಮರಳಿ ಬರುತ್ತಾರೆಯೇ ಎಂಬ ಎರಡನ್ನೂ ಒಟ್ಟಿಗೆ ಗಮನಿಸಿದರೆ ಮಾತ್ರ ಏನಾದರೂ ತಿಳಿಯುತ್ತದೆ. ನಾನು ಆಪ್ತಸಮಾಲೋಚಕಿ. ನಿಶ್ಚಿತಾರ್ಥಕ್ಕೆ ಮುಂಚೆ ಇದೇ ಗೊಂದಲವನ್ನು ಹೊತ್ತು ಬರುವವರೊಡನೆ ಬಹಳ ಕಾಲದಿಂದ ಕೆಲಸ ಮಾಡುತ್ತಿದ್ದೇನೆ.

'ಮರಳಿ ಬರುವುದು' ಎಂಬುದಕ್ಕೆ ನಾನು ಇಷ್ಟು ಮಹತ್ವ ಕೊಡಲು ಕಾರಣವಿದೆ. ಹತ್ತಿರದವರೊಡನೆ ಬಾಂಧವ್ಯ ಹೇಗೆ ಬೆಳೆಯುತ್ತದೆ ಎಂಬುದನ್ನು ವಿವರಿಸಲು ಮನೋವೈದ್ಯ ಜಾನ್ ಬೌಲ್ಬಿ ರೂಪಿಸಿದ ಅಟ್ಯಾಚ್‌ಮೆಂಟ್ ಸಿದ್ಧಾಂತವನ್ನು ಮನಶ್ಶಾಸ್ತ್ರಜ್ಞೆ ಮೇರಿ ಏನ್ಸ್‌ವರ್ತ್ ಸುಮಾರು ಒಂದು ವರ್ಷದ ಮಕ್ಕಳ ಮೇಲೆ ಪರೀಕ್ಷಿಸಿದಾಗ, ತಾಯಿ ಕೋಣೆಯಿಂದ ಹೊರಗೆ ಹೋದಾಗ ಮಗು ಅತ್ತಿತೇ ಎಂಬುದಕ್ಕಿಂತ, ತಾಯಿ ಮರಳಿದಾಗ ಮಗು ಏನು ಮಾಡಿತು ಎಂಬುದನ್ನೇ ಮುಖ್ಯವಾಗಿ ನೋಡಿದರು. ಕೆಲವು ಮಕ್ಕಳು ತಾಯಿಯನ್ನು ಅಪ್ಪಿಕೊಂಡು ಸಮಾಧಾನಗೊಂಡು ಮತ್ತೆ ಆಟಕ್ಕೆ ಹೋದವು. ಕೆಲವು ಅಪ್ಪಿಕೊಂಡೂ ಸಮಾಧಾನವಾಗದೆ ಸಿಟ್ಟಿನಿಂದ ಕೊಸರಿಕೊಂಡವು. ಇನ್ನು ಕೆಲವು ತಾಯಿ ಬಂದದ್ದೇ ಗೊತ್ತಿಲ್ಲವೆಂಬಂತೆ ಆಟಿಕೆಯತ್ತ ನೋಡುತ್ತ ಕುಳಿತವು. ಹೀಗೆ ನಿರ್ಲಿಪ್ತವಾಗಿ ಕಂಡ ಮಕ್ಕಳ ಹೃದಯ ಬಡಿತವನ್ನು ಮುಂದೆ ಬೇರೆ ಸಂಶೋಧಕರು ಅಳೆದಾಗ, ಅದು ಏರಿಯೇ ಇತ್ತು. ಹೊರಗಿನ ತಣ್ಣಗಿನ ವರ್ತನೆಯ ಒಳಗೆ ತಳಮಳವಿರಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ನನಗೆ ಗೊತ್ತಿಲ್ಲ. 1987ರಲ್ಲಿ ಸಿಂಡಿ ಹೇಜನ್ ಮತ್ತು ಫಿಲಿಪ್ ಶೇವರ್ ಈ ವಿಚಾರವನ್ನು ವಯಸ್ಕರ ಪ್ರೇಮಕ್ಕೆ ವಿಸ್ತರಿಸಿದರು. ಈಗ ಇದನ್ನು ಪ್ರತ್ಯೇಕ ಬಗೆಗಳಂತೆ ನೋಡದೆ ಎರಡು ಅಳತೆಗಳಾಗಿ ನೋಡುವುದೇ ಹೆಚ್ಚು: ಕೈಬಿಡುವರೇನೋ ಎಂಬ ಆತಂಕ ಎಷ್ಟಿದೆ, ಹತ್ತಿರ ಬಂದವರಿಂದ ದೂರ ಸರಿಯುವ ಒಲವು ಎಷ್ಟಿದೆ. ಎರಡೂ ಕಡಿಮೆ ಇರುವವರನ್ನು ಸುರಕ್ಷಿತ ಶೈಲಿಯವರು ಎನ್ನುತ್ತಾರೆ.

ಸಂದೇಶಗಳಲ್ಲಿ ಇದು ಹೇಗೆ ಕಾಣುತ್ತದೆ ಎಂಬುದಕ್ಕೆ, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ, ಒಂದು ಜೋಡಿಯ ಪ್ರಸಂಗವನ್ನು ಹೇಳುತ್ತೇನೆ. ಜಾತಕ ಕೂಡಿಬಂದು, ಎರಡೂ ಮನೆಯವರು ನಂಬರ್ ಕೊಟ್ಟುಕೊಂಡು, ಇಬ್ಬರೂ ಮಾತು ಶುರುಮಾಡಿದ್ದರು. ಒಂದು ಭಾನುವಾರ ರಾತ್ರಿ ಹುಡುಗ ತನ್ನ ತಂದೆಯ ಸಾಲದ ವಿಷಯವನ್ನು, ತಾನು ಆ ವರ್ಷಗಳನ್ನು ಕಳೆದ ರೀತಿಯನ್ನು ದೀರ್ಘವಾಗಿ ಬರೆದ. ಹುಡುಗಿಗೆ ಅವನು ತನ್ನವನೇ ಆದಂತೆ ಅನ್ನಿಸಿತು. ಸೋಮವಾರ ಬೆಳಿಗ್ಗೆ ಅವಳು 'ರಾತ್ರಿ ನಿದ್ದೆ ಬಂತಾ?' ಎಂದು ಕೇಳಿದಳು. ನೀಲಿ ಟಿಕ್ ಬಿತ್ತು, ಉತ್ತರ ಬರಲಿಲ್ಲ. ಮಧ್ಯಾಹ್ನ 'ಹ್ಞೂಂ, ಕೆಲಸ ಜಾಸ್ತಿ' ಎಂದಷ್ಟೇ ಬಂತು. ಅವಳು 'ನಾನೇನಾದ್ರೂ ತಪ್ಪು ಹೇಳಿದ್ನಾ?' ಎಂದು ಬರೆದಳು, ನಂತರ ಇನ್ನೊಂದನ್ನು ಬರೆದು ಅಳಿಸಿದಳು, ಅಳಿಸಿದ ಗುರುತು ಅವನ ಪರದೆಯ ಮೇಲೆ ಉಳಿಯಿತು. ಸಂಜೆ ಅವನು 'ಹಾಗೇನಿಲ್ಲ' ಎಂದ. ಮಂಗಳವಾರ ಅವಳು ಬೇಕೆಂದೇ ಸುಮ್ಮನಿದ್ದು, ಅವನು ಆನ್‌ಲೈನ್ ಬರುವುದನ್ನು ಮತ್ತೆ ಮತ್ತೆ ನೋಡುತ್ತಿದ್ದಳು.

ಅವಳು ಓದಿದ್ದು ಹೀಗೆ: ಮನಸ್ಸು ಬಿಚ್ಚಿ ಮಾತಾಡಿದ ಮೇಲೆ ಇಷ್ಟು ತಣ್ಣಗಾದರೆ ಅವನಿಗೆ ನಾನು ಹಿಡಿಸಲಿಲ್ಲ. ಅವನು ಓದಿದ್ದು ಹೀಗೆ: ಒಂದು ದಿನ ಕಡಿಮೆ ಮಾತಾಡಿದರೂ ಲೆಕ್ಕ ಕೊಡಬೇಕು. ನಿದ್ದೆಯ ಪ್ರಶ್ನೆಯಲ್ಲಿದ್ದ ಅಕ್ಕರೆ ಅವನಿಗೆ ವಿಚಾರಣೆಯಾಗಿ ಕೇಳಿಸಿತು, ಏಕೆಂದರೆ ಹಿಂದಿನ ರಾತ್ರಿ ಅಷ್ಟು ಹೇಳಿಕೊಂಡದ್ದೇ ಅವನಿಗೆ ಬೆಳಿಗ್ಗೆ ಮುಜುಗರವಾಗಿತ್ತು. ದೂರ ಸರಿಯುವ ಒಲವಿನವರಲ್ಲಿ ಹಿಂಜರಿತ ಬರುವುದು ಮಾತು ಕೆಟ್ಟಾಗ ಮಾತ್ರವಲ್ಲ, ಚೆನ್ನಾಗಿ ಆದ ಮೇಲೂ. ಆತಂಕದವರು ಅದೇ ಗಳಿಗೆಯಲ್ಲಿ ಇನ್ನಷ್ಟು ಹತ್ತಿರ ಹೋಗಲು ಬಯಸುತ್ತಾರೆ. ಹೀಗಾಗಿ ಒಬ್ಬರ ಸಮಾಧಾನದ ದಾರಿ ಇನ್ನೊಬ್ಬರ ಭಯವನ್ನೇ ಕೆರಳಿಸುತ್ತದೆ.

ಇಲ್ಲಿ ಒಂದು ಸಂಶೋಧನೆಯನ್ನು ಹೇಳಲೇಬೇಕು, ನಿಮ್ಮ ಪ್ರಶ್ನೆಗೆ ಅದು ನೇರವಾಗಿ ತಾಕುತ್ತದೆ. ಕ್ರಿಸ್ ಫ್ರೇಲಿ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪರದೆಯ ಮೇಲಿನ ಮುಖಭಾವ ನಿಧಾನವಾಗಿ ಬದಲಾಗುತ್ತಿತ್ತು, ಬದಲಾವಣೆ ಯಾವಾಗ ಆಯಿತೆಂದು ನೋಡುವವರು ಹೇಳಬೇಕಿತ್ತು. ಆತಂಕ ಹೆಚ್ಚಿದ್ದವರು ಬೇರೆಯವರಿಗಿಂತ ಮುಂಚೆಯೇ ಹೇಳಿಬಿಟ್ಟರು, ಹಾಗಾಗಿ ಹೆಚ್ಚು ತಪ್ಪಿದರು. ಆದರೆ ಎಲ್ಲರಿಗೂ ಅಷ್ಟೇ ಮಾಹಿತಿ ದೊರೆತ ಮೇಲೆ ಉತ್ತರಿಸುವಂತೆ ಮಾಡಿದಾಗ, ಇದೇ ಜನ ಬೇರೆಯವರಿಗಿಂತ ನಿಖರವಾಗಿ ಗುರುತಿಸಿದರು. ಅಂದರೆ ಅವರ ಗ್ರಹಿಕೆಯಲ್ಲಿ ಕೊರತೆಯಿಲ್ಲ, ತೀರ್ಪು ಬೇಗ ಬೀಳುತ್ತದೆ. ಅದು ಮುಖಗಳ ಅಧ್ಯಯನ, ಸಂದೇಶಗಳದ್ದಲ್ಲ. ಆದರೂ ನನ್ನ ಮುಂದೆ ಕುಳಿತವರಲ್ಲಿ ಇದನ್ನೇ ಕಾಣುತ್ತೇನೆ: ಬದಲಾವಣೆ ಆಗಿದೆ ಎಂದು ಅವರು ಸರಿಯಾಗಿಯೇ ಗುರುತಿಸಿರುತ್ತಾರೆ, ಅದರ ಕಾರಣವನ್ನು ಮಾತ್ರ ಸಂಜೆಯೊಳಗೆ ತೀರ್ಮಾನಿಸಿರುತ್ತಾರೆ. ಸಂದೇಶದಲ್ಲಿ ದನಿಯೂ ಇಲ್ಲ, ಮುಖವೂ ಇಲ್ಲವಾದ್ದರಿಂದ ಆ ಕಾರಣವನ್ನು ಓದುವವರ ಹಳೆಯ ಅನುಭವವೇ ತುಂಬಿಕೊಡುತ್ತದೆ.

ಹಾಗಾದರೆ ಇಷ್ಟವಿಲ್ಲದವರನ್ನು ಮತ್ತು ಹಿಂಜರಿಯುವವರನ್ನು ಬೇರೆ ಮಾಡುವುದು ಹೇಗೆ? ಮೇಲಿನ ಹುಡುಗ ಗುರುವಾರ ತಾನಾಗಿಯೇ ಬರೆದ. ಸಾಲದ ವಿಷಯ ಎತ್ತಲಿಲ್ಲ, ಆದರೆ ಅವಳ ತಂಗಿಯ ಪರೀಕ್ಷೆ ಅಂದು ಇತ್ತೆಂಬುದನ್ನು ನೆನಪಿಟ್ಟು ಹೇಗಾಯಿತೆಂದು ಕೇಳಿದ. ಒತ್ತಡವಿಲ್ಲದ ವಿಷಯ ಹಿಡಿದು ಮರಳುವುದು, ಹಿಂದೆ ಹೇಳಿದ ಸಣ್ಣ ವಿವರ ನೆನಪಿರುವುದು, ಇವು ಹಿಂಜರಿಯುವವರ ಲಕ್ಷಣಗಳು. ಇಷ್ಟವಿಲ್ಲದವರು ಕೇಳಿದ್ದಕ್ಕೆ ಸೌಜನ್ಯದಿಂದ ಉತ್ತರಿಸುತ್ತಾರೆ, ಆದರೆ ಎಳೆಯನ್ನು ತಾವಾಗಿ ಎತ್ತಿಕೊಳ್ಳುವುದಿಲ್ಲ, ಭೇಟಿಯ ಮಾತು ಬಂದಾಗ ದಿನವನ್ನೂ ಹೇಳುವುದಿಲ್ಲ. ಇದು ತಿಳಿಯಲು ನೀವು ಎರಡು ಮೂರು ದಿನ ಜಾಗ ಬಿಡಬೇಕು, ಶಿಕ್ಷೆಯ ಮೌನವಾಗಿ ಅಲ್ಲ, ನಿಮ್ಮ ಕೆಲಸದಲ್ಲಿ ತೊಡಗಿಕೊಂಡು.

ಜಾಗ ಬಿಡುವುದೆಂದರೆ ಏನನ್ನೂ ಹೇಳದಿರುವುದೂ ಅಲ್ಲ. 'ಯಾಕೆ ಹೀಗೆ ಮಾಡ್ತೀರಿ?' ಎಂಬ ಪ್ರಶ್ನೆಯ ಬದಲು ಒಮ್ಮೆ ಹೀಗೆ ಬರೆಯಿರಿ: 'ನೀವು ಬಿಜಿ ಇದ್ದಾಗ ಸಂಜೆ ಮಾತಾಡೋಣ ಅಂತ ಒಂದು ಸಾಲು ಹಾಕಿದ್ರೆ ನನಗೆ ನೆಮ್ಮದಿ. ಉದ್ದ ಬರೆಯಬೇಕು ಅಂತೇನಿಲ್ಲ.' ಇದರಲ್ಲಿ ಆರೋಪವಿಲ್ಲ, ಬೇಡಿಕೆ ಚಿಕ್ಕದು, ಮಾಡಲು ಸುಲಭ. ಹಿಂಜರಿಯುವವರು, ಮನಸ್ಸಿದ್ದರೆ, ಇಷ್ಟನ್ನು ಮಾಡುತ್ತಾರೆ, ಮೊದಮೊದಲು ಮರೆತರೂ. ಸ್ಪಷ್ಟವಾಗಿ ಕೇಳಿದ ಮೇಲೂ ಏನೂ ಬದಲಾಗದಿದ್ದರೆ, ಅಥವಾ ಕೇಳಿದ್ದಕ್ಕೇ ನಿಮ್ಮನ್ನು ಅಣಕಿಸಿದರೆ, ಅದಕ್ಕೆ ಯಾವ ಶೈಲಿಯ ಹೆಸರನ್ನೂ ಕೊಟ್ಟು ಸಹಿಸಿಕೊಳ್ಳಬೇಕಾಗಿಲ್ಲ. ಈ ಮಾತನ್ನು ಒತ್ತಿ ಹೇಳುತ್ತೇನೆ, ಏಕೆಂದರೆ 'ಅವರು ಅವಾಯ್ಡೆಂಟ್', ಅಂದರೆ ದೂರ ಸರಿಯುವ ಶೈಲಿಯವರು, ಎಂಬ ಪದ ಹಿಡಿದು ತಿಂಗಳುಗಟ್ಟಲೆ ಕಾದ ಹುಡುಗಿಯರನ್ನು ನೋಡಿ ನನಗೆ ನೋವಾಗಿದೆ.

ಮೂರು ವಾರಕ್ಕೆ ಯಾರ ಶೈಲಿಯನ್ನೂ ಖಚಿತವಾಗಿ ಹೇಳಲು ಬರುವುದಿಲ್ಲ. ಆಳವಾದ ಬಾಂಧವ್ಯ ಬೆಳೆಯಲು ಬಹಳ ಕಾಲ ಬೇಕು, ಈಗ ಕಾಣುತ್ತಿರುವುದು ಇಬ್ಬರೂ ಹಿಂದಿನಿಂದ ತಂದ ನಿರೀಕ್ಷೆಗಳು ಮಾತ್ರ. ರಾತ್ರಿ ಪಾಳಿಯ ಕೆಲಸ, ಖಿನ್ನತೆ, ಒಂದೇ ಕೋಣೆಯಲ್ಲಿ ಅಪ್ಪ ಅಮ್ಮನ ಜೊತೆ ಮಲಗುವ ಮನೆ, ಟೈಪ್ ಮಾಡುವುದೇ ಇಷ್ಟವಿಲ್ಲದ ಸ್ವಭಾವ, ಇವೆಲ್ಲವೂ ಒಂದೊಂದೇ ಪದದ ಉತ್ತರವನ್ನೇ ಕೊಡುತ್ತವೆ. ಆದ್ದರಿಂದ ಸಾಧ್ಯವಾದಷ್ಟು ಬೇಗ ಒಮ್ಮೆ ಫೋನಿನಲ್ಲಿ ಮಾತಾಡಿ, ಇಲ್ಲವೇ ಭೇಟಿಯಾಗಿ. ಸಂದೇಶದಲ್ಲಿ ತಣ್ಣಗಿದ್ದವರು ಎದುರಿಗೆ ಬೆಚ್ಚಗಿದ್ದರೆ ತೊಡಕು ಬಹುಶಃ ಮಾಧ್ಯಮದ್ದು. ಎದುರಿಗೂ ಮಾತು ಆಪ್ತವಾದ ಕೂಡಲೇ ವಿಷಯ ಬದಲಿಸಿದರೆ, ಆಗ ನಿಮ್ಮ ಅನುಮಾನಕ್ಕೆ ಆಧಾರ ಸಿಕ್ಕಂತೆ, ಅದನ್ನು ಅವರೊಡನೆಯೇ ನೇರವಾಗಿ ಮಾತಾಡಬಹುದು.